ಹುಸೇನಪ್ಪನ ಎಂಬತ್ತೆಂಟು

"ಕಾಪಿ ಮಾಡ್ರಿ, ಪೇಸ್ಟ್ ಮಾಡ್ರಿ, ಮುಗೀತು. ಐದು ಮಿನಿಟಿನ ಕೆಲಸ ಅದ ತಾಯಿ," ಎಂದು ಹೇಳಿ ಮಧುಕರ ಸರ್ ಮೀಟಿಂಗಿಗೆ ಹೊರಟುಹೋದದ್ದು ಬುಧವಾರ ಬೆಳಿಗ್ಗೆ. ಐದು ಮಿನಿಟಿನ ಕೆಲಸ ಎನ್ನುವವರು ಆ ಐದು ಮಿನಿಟು ತಾವೇ ಕೂತು ಮುಗಿಸಿ ಯಾಕೆ ಏಳುವುದಿಲ್ಲವೋ, ಆ ದೇವರೇ ಬಲ್ಲ. ಶಿವಕಾಂತಾ ಕಂಪ್ಯೂಟರ್ ಹಚ್ಚಿದಳು. ಹನ್ನೊಂದು ವರ್ಷದಿಂದ ಆ ಕುರ್ಚಿಯಲ್ಲಿ ಕೂತವಳಿಗೆ ಯಾವ ಮಾತನ್ನು ನುಂಗಬೇಕು ಎಂದು ಚೆನ್ನಾಗಿ ಗೊತ್ತಿತ್ತು.

ಅದು ಎರಡು ಸಾವಿರದ ಏಳನೆಯ ಇಸವಿ. ಮರಾಠಿ ನಾಡಿನ ದೊಡ್ಡ ಶಹರೊಂದರಲ್ಲಿ, ವಿಮಾನ ನಗರ ಎಂಬ ಬಡಾವಣೆಯ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ಅವರ ಸಂಸ್ಥೆ. ಊರಾಚೆಯ ಕಲ್ಲುಖಣಿಗಳಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಆರೋಗ್ಯ ತಪಾಸಣೆ, ಇಂಥದ್ದು ಅವರ ಕೆಲಸ. ಬೇಸಿಗೆಯಲ್ಲಿ ಖಣಿಯ ಹತ್ತಿರವೇ ಪೆಂಡಾಲು ಹಾಕಿ ಮೂರು ದಿನ ಎದೆ ತಪಾಸಣೆ ಮಾಡಿಸಿದ್ದರು. ಆರುನೂರಾ ಹನ್ನೆರಡು ಜನ. ಒಂದು ಯಂತ್ರದ ನಳಿಗೆಗೆ ಬಾಯಿ ಹಚ್ಚಿ ಜೋರಾಗಿ ಊದಬೇಕು. ಗಟ್ಟಿ ಎದೆಯವರು ಊದಬೇಕಾದ ಗಾಳಿಯಲ್ಲಿ ನೂರಕ್ಕೆ ಎಷ್ಟು ಊದಿದರು ಎಂದು ಯಂತ್ರ ಹೇಳುತ್ತದೆ. ಆಮೇಲೆ ಬೆರಳಿಗೊಂದು ಚಿಮಟಿಗೆಯಂಥದ್ದು ಸಿಕ್ಕಿಸಿ ರಕ್ತದಲ್ಲಿ ಪ್ರಾಣವಾಯು ನೂರಕ್ಕೆ ಎಷ್ಟಿದೆ ಎಂದು ನೋಡುತ್ತಾರೆ. ಕಲ್ಲಿನ ಧೂಳು ಎದೆಯಲ್ಲಿ ಎಷ್ಟು ಕೂತಿದೆ ಎಂಬ ಲೆಕ್ಕ ಇದು.

ಅದೇ ಶಹರಿನ ಕ್ಯಾಂಪ್ ಎಂಬ ಬಡಾವಣೆಯಲ್ಲಿದ್ದ ಒಂದು ದೊಡ್ಡ ಆಸ್ಪತ್ರೆ ಮುಂದಿನ ತಪಾಸಣೆ, ಔಷಧ ಎಲ್ಲವನ್ನೂ ಧರ್ಮಕ್ಕೆ ಮಾಡಿಕೊಡಲು ಒಪ್ಪಿತ್ತು. ಆದರೆ ಊದಿದ ಅಂಕಿ ಅರವತ್ತಕ್ಕಿಂತ ಕಡಿಮೆ ಬಂದವರಿಗೆ ಮಾತ್ರ. ಆ ಜನರನ್ನು ಆರಿಸುವುದು ಆಸ್ಪತ್ರೆಯ ಕಂಪ್ಯೂಟರ್. ಅದಕ್ಕೆ ಕಾಗದ ಬೇಡ, ಪಿಡಿಎಫ್ ಬೇಡ, ಸಿಎಸ್‌ವಿ ಎಂಬ ಫೈಲೇ ಬೇಕು. ಅಂದರೆ ಒಬ್ಬರಿಗೆ ಒಂದು ಸಾಲು, ಒಂದೊಂದು ಮಾಹಿತಿಯ ನಡುವೆ ಒಂದು ಅಲ್ಪವಿರಾಮ, ಅಷ್ಟೇ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಗಡುವು. ತಪ್ಪಿದರೆ ಮುಂದಿನ ವರ್ಷ. ಮುಂದಿನ ವರ್ಷದವರೆಗೆ ಎಷ್ಟು ಜನ ಉಳಿಯುತ್ತಾರೆ ಎಂದು ಯಾವ ಕಂಪ್ಯೂಟರೂ ಹೇಳುವುದಿಲ್ಲ.

ಇಷ್ಟಕ್ಕೂ ಆ ಅಂಕಿಗಳು ಮೊದಲು ಎಕ್ಸೆಲ್‌ನಲ್ಲಿಯೇ ಇದ್ದವಂತೆ. ವರದಿ ಮಾಡಿಕೊಟ್ಟ ಮುಂಬೈಯವರು ಅದನ್ನು ಚೆಂದದ ಪಿಡಿಎಫ್ ಮಾಡಿ ಕಳಿಸಿದರು, ಮೂಲ ಫೈಲು ಇದ್ದ ಕಂಪ್ಯೂಟರ್ ಕೆಟ್ಟಿತು, ಅದನ್ನು ಮಾಡಿದ ಹುಡುಗಿ ಕೆಲಸ ಬಿಟ್ಟಳು. ಹಣ್ಣನ್ನು ಹಿಂಡಿ ರಸ ಮಾಡಿಟ್ಟು, ಈಗ ತಿರುಗಿ ಹಣ್ಣು ಮಾಡಿಕೊಡಿ ಎಂದಂತಾಯಿತು. ಕೂತು ಟೈಪ್ ಮಾಡಿಬಿಡೋಣ ಎಂದರೆ ಅದೂ ಇಲ್ಲ. ಹಿಂದಿನ ವರ್ಷ ಶಿವಕಾಂತಾ ಕೈಯಾರೆ ಟೈಪ್ ಮಾಡಿದ ಪಟ್ಟಿಯಲ್ಲಿ ಹನ್ನೊಂದು ತಪ್ಪು ಸಿಕ್ಕಿ, ಆಸ್ಪತ್ರೆಯವರು ಇಡೀ ಪಟ್ಟಿಯನ್ನೇ ತಿರುಗಿ ಕಳಿಸಿದ್ದರು. ಆ ಅವಮಾನ ಇನ್ನೂ ಹಸಿಯಾಗಿತ್ತು.

ಸರಿ, ಕಾಪಿ ಮಾಡಿದಳು. ಪೇಸ್ಟ್ ಮಾಡಿದಳು. ಪಿಡಿಎಫ್‌ನಲ್ಲಿ ಕೋಷ್ಟಕ ಎಷ್ಟು ನೀಟಾಗಿತ್ತು! ಗೆರೆ ಎಳೆದ ಚೌಕಗಳು, ಒಂದರ ಕೆಳಗೊಂದು ಅಂಕಿ. ಈ ಕಡೆ ಬಂದು ಬೀಳುವಾಗ ಗೆರೆಗಳೆಲ್ಲ ಮಾಯ. ಹೆಸರು, ಅಂಕಿ, ಹೆಸರು, ಅಂಕಿ, ನಡುವೆ ಒಂದೊಂದು ಸ್ಪೇಸು. ಕಣ್ಣಿಗೆ ಕಂಡ ಚೌಕಗಳು ಬರೀ ಚಿತ್ರ, ಒಳಗೆ ಕಾಲಮ್ಮು ಎಂಬುದೇ ಇಲ್ಲ ಎಂದು ಅವತ್ತು ಅವಳಿಗೆ ತಿಳಿಯಿತು. ಇಂಟರ್ನೆಟ್ಟಿನಿಂದ ಒಂದು ಪುಕ್ಕಟೆ ಸಾಫ್ಟ್‌ವೇರ್ ಇಳಿಸಿಕೊಂಡಳು. ಅದು ಮೊದಲ ಮೂರು ಪುಟ ಮಾಡಿಕೊಟ್ಟು, ಉಳಿದ ಹದಿನಾಲ್ಕು ಪುಟಕ್ಕೆ ನಮ್ಮನ್ನು ಕೊಂಡುಕೊಳ್ಳಿ ಎಂದು ಕೈ ಚಾಚಿತು. "ನಿನ್ನ ಹೆಣಾ ಎತ್ಲಿ," ಎಂದು ಶಿವಕಾಂತಾ ಅದನ್ನು ಅಳಿಸಿ ಹಾಕಿದಳು.

ಕೊನೆಗೆ ಎಕ್ಸೆಲ್‌ಗೆ ಹೇಳಿದಳು: ಸ್ಪೇಸ್ ಕಂಡಲ್ಲೆಲ್ಲ ಕತ್ತರಿಸು, ಒಂದೊಂದು ತುಂಡನ್ನು ಒಂದೊಂದು ಕಾಲಮ್ಮಿಗೆ ಹಾಕು. ಮೊದಲ ಪುಟ ನೋಡಿ ಮುಖ ಅರಳಿತು. ಕಾರ್ಡ್ ನಂಬರು, ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ವಯಸ್ಸು, ಕೆಲಸದ ವರ್ಷ, ಊದಿದ್ದು, ಪ್ರಾಣವಾಯು. ಎಲ್ಲ ಸರಿಯಾಗಿ ಅವರವರ ಮನೆಯಲ್ಲಿ ಕೂತಿದ್ದವು. ಎರಡನೆಯ ಪುಟಕ್ಕೆ ಹೋಗುತ್ತಲೇ ಆ ಸಂತೋಷಕ್ಕೆ ಮಣ್ಣು ಬಿತ್ತು. ಒಬ್ಬನ ಅಪ್ಪನ ಹೆಸರು ನಲವತ್ತೊಂದು. ಇನ್ನೊಬ್ಬಳ ಅಡ್ಡಹೆಸರು ಹದಿನೈದು.

ಆಕೆ ಆ ಸಾಲುಗಳ ಹೆಸರು ಓದಿದಳು. ಯಮನವ್ವ. ಬಸವಲಿಂಗ. ಕಲ್ಲವ್ವ. ಅವ್ವಮ್ಮ. ಎಲ್ಲ ನಮ್ಮವರೇ!

ಮೊದಲ ಪುಟದವರು ಮರಾಠಿಯವರು. ಅವರಿಗೆ ಹುಟ್ಟಿನಿಂದಲೇ ಮೂರು ಹೆಸರು, ತನ್ನದೊಂದು, ಅಪ್ಪನದೊಂದು, ಮನೆತನದ್ದೊಂದು. ಮೂರು ಮಾತು, ಮೂರು ಕಾಲಮ್ಮು. ಕಲಬುರ್ಗಿ ಕಡೆಯಿಂದ ಕಲ್ಲು ಒಡೆಯಲು ಬಂದ ನಮ್ಮವರಿಗೆ ಒಂದೇ ಹೆಸರು, ಅದೂ ಅಜ್ಜನದೋ ಅಜ್ಜಿಯದೋ. ಒಂದು ಹೆಸರಿನವರು ಬಂದರೆ ಅವರ ಹಿಂದಿನ ಅಂಕಿಗಳೆಲ್ಲ ಎರಡು ಮನೆ ಎಡಕ್ಕೆ ಜಾರುತ್ತಿದ್ದವು. ಶಿವಕಾಂತಾಳಿಗೆ ಸಿಟ್ಟೂ ಬಂತು, ನಗೆಯೂ ಬಂತು. ಯಾಕೆಂದರೆ ಈ ಮೂರು ಚೌಕದ ತಂಟೆ ಅವಳಿಗೆ ಹೊಸದಲ್ಲ.

ಅವಳಿಗೆ ಏಳು ವರ್ಷವಿದ್ದಾಗ ಅಪ್ಪ ಕಾಡಪ್ಪ ಅವಳನ್ನು ಶಾಲೆಗೆ ಹೆಸರು ಹಚ್ಚಿಸಲು ಕರೆದುಕೊಂಡು ಹೋಗಿದ್ದ. ಜೊತೆಗೆ ಅದೇ ಖಣಿಯಲ್ಲಿ ಅಪ್ಪನ ಜೋಡಿ ಸುತ್ತಿಗೆ ಹೊಡೆಯುತ್ತಿದ್ದ ಹುಸೇನಪ್ಪ. ಫಾರಂನಲ್ಲಿ ಮೂರು ಚೌಕ. ಹೆಡ್‌ಮಾಸ್ತರರು ಮರಾಠಿಯಲ್ಲಿ ಅಡ್ಡಹೆಸರು ಕೇಳಿದರು. ಕಾಡಪ್ಪ ಕಣ್ಣು ಕಣ್ಣು ಬಿಟ್ಟ. ಅಡ್ಡಹೆಸರು ಇಲ್ಲದೆ ಹುಡುಗಿಯನ್ನು ಸೇರಿಸಿಕೊಳ್ಳಲು ಬರುವುದಿಲ್ಲ, ಹೋಗಿ ವಿಚಾರ ಮಾಡಿಕೊಂಡು ಬಾ ಎಂದರು ಮಾಸ್ತರರು. ಹೋದವರು ತಿರುಗಿ ಬರುತ್ತಿದ್ದರೋ ಇಲ್ಲವೋ. ಆಗ ಹುಸೇನಪ್ಪ ಮುಂದೆ ಬಂದು, ಅವರ ಮನೆತನ ನೂರು ವರ್ಷದಿಂದ ಹಾಗೇ ಕರೆಸಿಕೊಳ್ಳುತ್ತಿದೆಯೇನೋ ಎಂಬಂತೆ, "ಶಹಾಪುರಕರ ಅಂತ ಬರ್ಕೋರಿ ಸಾಹೇಬ್ರ," ಎಂದ. ಅವರ ಊರು ಶಹಾಪುರದ ಕಡೆ, ಅದಕ್ಕೆ ಮರಾಠಿಯ ಒಂದು 'ಕರ' ಅಂಟಿಸಿದ್ದ, ಅಷ್ಟೇ. ಹೊರಗೆ ಬಂದು, "ಚೌಕ ಖಾಲಿ ಬಿಡಬಾರದವ್ವ ಶಿವೂ, ಖಾಲಿ ಬಿಟ್ರ ನಮ್ಮನ್ನ ಹೊರಗ ಹಾಕ್ತಾರ," ಎಂದು ನಕ್ಕಿದ್ದ. ಅವತ್ತಿನಿಂದ ಆಕೆ ಶಿವಕಾಂತಾ ಕಾಡಪ್ಪ ಶಹಾಪುರಕರ. ಹತ್ತನೆಯ ಇಯತ್ತೆ ಪಾಸಾದಳು, ಟೈಪಿಂಗ್ ಕಲಿತಳು, ಕಂಪ್ಯೂಟರ್ ಕಲಿತಳು. ಅಪ್ಪ ನಲವತ್ತಾರಕ್ಕೆ ಕೆಮ್ಮಿ ಕೆಮ್ಮಿ ಹೋದ. ಟಿಬಿ ಎಂದು ಬರೆದುಕೊಟ್ಟರು. ಟಿಬಿ ಅಲ್ಲ, ಧೂಳು ಎಂದು ಅವಳಿಗೆ ಗೊತ್ತಾಗಿದ್ದು ಈ ಸಂಸ್ಥೆಗೆ ಸೇರಿದ ಮೇಲೆ. ಹುಸೇನಪ್ಪ ಕಾಕಾ ಮಾತ್ರ ಇನ್ನೂ ಉಳಿದಿದ್ದ. ಹೇಗೆ ಉಳಿದಿದ್ದ ಎಂಬುದು ಬೇರೆ ಮಾತು.

ಬುಧವಾರವೆಲ್ಲ ಆಕೆ ಒಂದು ಹೆಸರಿನವರ ಸಾಲುಗಳನ್ನು ಹುಡುಕಿ ಹುಡುಕಿ, ಅಂಕಿಗಳನ್ನು ಎರಡು ಮನೆ ಬಲಕ್ಕೆ ತಳ್ಳಿದಳು. ಎರಡು ಹೆಸರಿನವರದ್ದು ಒಂದು ಮನೆ. ಗುರುವಾರ ಕರೆಂಟು ಹೋಗುವ ವಾರ. ಹತ್ತಕ್ಕೆ ಹೋಗಿದ್ದು ಬಂದಾಗ ಒಂದೂವರೆ, ಬ್ಯಾಟರಿ ಅರ್ಧ ದಾರಿಯಲ್ಲಿ ಕೈಕೊಟ್ಟು ಸೇವ್ ಮಾಡದ ನಲವತ್ತು ಸಾಲು ಹೊಳೆ ಪಾಲು. ಅವನ್ನು ಮತ್ತೆ ತಳ್ಳಿದಳು. ತಲೆ ಎತ್ತಿ ನೋಡಿದರೆ ಇನ್ನೊಂದು ಅವಾಂತರ. ಎಷ್ಟು ವರ್ಷದಿಂದ ಕಲ್ಲು ಒಡೆಯುತ್ತೀರಿ ಎಂದು ಕೇಳಿದರೆ ನಮ್ಮ ಜನ "ಹತ್ತು-ಹನ್ನೆರಡು ವರ್ಷ ಆತ್ರಿ" ಅನ್ನುವುದು ರೂಢಿ. ಬರೆದುಕೊಂಡವರು 10-12 ಎಂದೇ ಬರೆದಿದ್ದರು. ಎಕ್ಸೆಲ್ ಮಹಾಶಯ ಅದನ್ನು ತಾರೀಕು ಎಂದು ತಿಳಿದು ಡಿಸೆಂಬರ್ ಹತ್ತು ಮಾಡಿ ಕೂರಿಸಿದ್ದ. 0087 ಎಂಬ ಕಾರ್ಡ್ ನಂಬರು ಬರೀ 87 ಆಗಿತ್ತು. ನಿನ್ನನ್ನು ಯಾರಪ್ಪ ಕೇಳಿದರು ಬುದ್ಧಿವಂತಿಕೆ ತೋರಿಸು ಅಂತ!

ಹಲ್ಲು ಕಚ್ಚಿ ಅದನ್ನೂ ತಿದ್ದಿದಳು. ಅಲ್ಲಲ್ಲಿ ಕೊನೆಯ ಕಾಲಮ್ಮು, ಪ್ರಾಣವಾಯುವಿನದು, ಖಾಲಿ ಕಂಡಿತು. ಅದಕ್ಕೆ ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ತಪಾಸಣೆಯ ಮೂರು ದಿನವೂ ಹೆಸರು ಬರೆದುಕೊಳ್ಳಲು ಕೂತವಳು ಅವಳೇ. ಎರಡನೆಯ ದಿನ ಮಧ್ಯಾಹ್ನ ಆ ಚಿಮಟಿಗೆ ಯಂತ್ರದ ಸೆಲ್ಲು ಮುಗಿದು ಸುಮಾರು ಜನರಿಗೆ ಅದನ್ನು ಹಚ್ಚಲು ಆಗಿರಲಿಲ್ಲ. ಇವರೆಲ್ಲ ಅವರೇ ಎಂದುಕೊಂಡಳು. ಅಲ್ಲೇ ಇದ್ದು ಕಣ್ಣಾರೆ ನೋಡಿದ್ದೇ ಅವಳಿಗೆ ಮುಳುವಾಯಿತು.

ಗುರುವಾರ ನಾಲ್ಕರ ಹೊತ್ತಿಗೆ ಫೈಲು ಮುಗಿಯಿತು. ಅದೇ ಹೊತ್ತಿಗೆ ಕೆಳಗಿನಿಂದ ವಾಚ್‌ಮನ್ ಕೂಗಿದ, ಯಾರೋ ಮುದುಕ ಬಂದಿದ್ದಾನೆ, ಮೆಟ್ಟಿಲಲ್ಲಿ ಕೂತಿದ್ದಾನೆ. ಇಳಿದು ಹೋದಳು. ಹುಸೇನಪ್ಪ ಕಾಕಾ. ಆರನೆಯ ಮೆಟ್ಟಿಲಿನವರೆಗೆ ಹತ್ತಿ, ಮುಂದೆ ಹತ್ತಲಾಗದೆ ಗೋಡೆಗೆ ಒರಗಿದ್ದ. ಕೊರಳ ನರಗಳು ಹುರಿಯಂತೆ ಎದ್ದು ಬಿದ್ದು ಮಾಡುತ್ತಿದ್ದವು. ಒಂದು ಮಾತಿಗೆ ಎರಡು ಉಸಿರು.

"ಯಾಕ ಬಂದಿ ಕಾಕಾ ಇಷ್ಟು ದೂರ? ಹೇಳಿ ಕಳಿಸಿದ್ರ ನಾನ ಬರ್ತಿದ್ನೆಲ್ಲ!"

"ಏನಿಲ್ಲವ್ವ… ನಂದು ಹೆಸರು… ಕಂಪ್ಯೂಟರ್‌ದಾಗ ಬಂದದೇನ ಅಂತ… ಕೇಳಿ ಹೋಗೋಣಂತ."

"ಬಂದಿರ್ತದ. ನೀ ಚಾ ಕುಡಿ, ನಾ ನೋಡಿ ಬರ್ತೀನಿ."

ಮೇಲೆ ಬಂದು ಹುಡುಕಿದಳು. ಕಾರ್ಡ್ 0087. ಹುಸೇನಪ್ಪ. ವಯಸ್ಸು ಐವತ್ತೆಂಟು. ಕೆಲಸದ ವರ್ಷ ಮೂವತ್ತೊಂದು. ಊದಿದ್ದು ಎಂಬತ್ತೆಂಟು. ಪ್ರಾಣವಾಯು ಖಾಲಿ.

ಎಂಬತ್ತೆಂಟು! ಖಣಿಗೆ ಹೊಸದಾಗಿ ಬಂದ ಗಟ್ಟಿಮುಟ್ಟು ಹುಡುಗರು ಊದಿದ ಅಂಕಿ ಅದು. ತಪಾಸಣೆಯ ದಿನ ಹುಸೇನಪ್ಪ ಮೂರು ಸಲ ನಳಿಗೆಗೆ ಬಾಯಿ ಹಚ್ಚಿ, ಮೂರು ಸಲವೂ ಅರ್ಧಕ್ಕೇ ಕೆಮ್ಮು ಬಂದು, ನೆಲ ಹಿಡಿದು ಕೂತಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಡಾಕ್ಟರು "ಬೇಡ ಬಿಡಿ" ಎಂದು ಆ ಚೌಕವನ್ನು ಹಾಗೇ ಬಿಟ್ಟಿದ್ದರು. ಪಿಡಿಎಫ್ ತೆರೆದು ಮೂರನೆಯ ಪುಟಕ್ಕೆ ಹೋದಳು. ಇತ್ತಲ್ಲ! ಊದಿದ್ದು ಎಂಬ ಚೌಕ ಖಾಲಿ. ಎಂಬತ್ತೆಂಟು ಅದರ ಬಲಕ್ಕೆ, ಪ್ರಾಣವಾಯುವಿನ ಚೌಕದಲ್ಲಿ. ಕಾಪಿ ಮಾಡುವಾಗ ಖಾಲಿ ಚೌಕ ಎಂಬುದು ಬರುವುದೇ ಇಲ್ಲ. ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು? ಮುಂದಿನ ಅಂಕಿ ಜಾರಿ ಬಂದು ಆ ಜಾಗದಲ್ಲಿ ಕೂತಿತ್ತು. ಊದಲಾಗದ ಮನುಷ್ಯ ಕಾಗದದ ಮೇಲೆ ಪೈಲವಾನನಾಗಿದ್ದ.

ಕೆಳಗೆ ಹೋಗಿ ಏನು ಹೇಳಬೇಕು? "ಬಂದದ ಕಾಕಾ," ಎಂದಳು. ಸುಳ್ಳೇನಲ್ಲ, ಹೆಸರಂತೂ ಬಂದಿತ್ತು. ರಿಕ್ಷಾ ಹತ್ತಿಸಿ ಕಳಿಸಿದಳು.

ಮಧುಕರ ಸರ್ ಅವತ್ತಿನ ಮೀಟಿಂಗು ಮುಗಿಸಿ ಬಂದಾಗ ವಿಷಯ ಹೇಳಿದಳು. ಅವರು ಅಕ್ಕಲಕೋಟದವರು, ಕೆಟ್ಟವರೇನಲ್ಲ, ಅವಸರದವರು.

"ಅಷ್ಟೇ ಏನ್ರಿ? ಆ ಹುಸೇನಪ್ಪಂದು ಒಂದು ತಿದ್ದಿ ಕಳಿಸಿಬಿಡ್ರಿ. ಶುಕ್ರವಾರ ಬೇರೆ ಕೆಲಸ ಭಾಳ ಅದ."

"ಇವರು ನನಗ ಗೊತ್ತಿದ್ದವರು ಸರ್, ಅದಕ್ಕ ಸಿಕ್ತು. ಗೊತ್ತಿಲ್ಲದವರು ಎಷ್ಟು ಮಂದಿ ಇದಾರೋ?"

"ಆರುನೂರು ಮಂದಿದಾಗ ಒಂದೆರಡು ಹಿಂದ ಮುಂದ ಆಗ್ತದ ತಾಯಿ."

"ಯಾರ ಮನೀದು ಆ ಒಂದೆರಡು?" ಎಂದುಬಿಟ್ಟಳು ಶಿವಕಾಂತಾ. ಹನ್ನೊಂದು ವರ್ಷ ನುಂಗಿದ್ದೆಲ್ಲ ಒಂದೇ ಸಲ ಗಂಟಲಿಗೆ ಬಂದಂತಿತ್ತು ಅವಳ ದನಿ. ಮಧುಕರ ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

ಶುಕ್ರವಾರ ಒಂಬತ್ತಕ್ಕೇ ಬಂದು ಕೂತಳು. ಎರಡು ದಿನದ ಕೆಲಸವನ್ನು ಪೂರ್ತಿ ಅಳಿಸಿದಳು. ಪಿಡಿಎಫ್ ತೋರಿಸುವ ಪ್ರೋಗ್ರಾಮಿನ ಹೆಲ್ಪ್ ಎಂಬ ಪುಟವನ್ನು ಜನ್ಮದಲ್ಲಿ ಮೊದಲ ಸಲ ತೆರೆದು ಓದಿದಳು. ಅಲ್ಲಿ ಒಂದು ಮೂಲೆಯಲ್ಲಿ ಬರೆದಿತ್ತು: ಆಲ್ಟ್ ಕೀಲಿ ಒತ್ತಿ ಹಿಡಿದು ಮೌಸ್ ಎಳೆದರೆ ಅಡ್ಡ ಸಾಲಿನ ಬದಲು ಉದ್ದ ಕಾಲಮ್ಮನ್ನು ಮಾತ್ರ ಹಿಡಿಯಬಹುದು. ಇಷ್ಟು ದಿನ ಇದನ್ನು ಯಾರೂ ಹೇಳಿರಲಿಲ್ಲವಲ್ಲ! ಹೇಳಲು ಯಾರಿಗೆ ಗೊತ್ತಿತ್ತು.

ಎಳೆದು ನೋಡಿದಳು. ಹೆಸರಿನ ಕಾಲಮ್ಮು ಒಂದೇ ಗಂಟಾಗಿ ಬಂತು. ಒಂದು ಹೆಸರಿರಲಿ, ಮೂರಿರಲಿ, ಎಲ್ಲ ಒಂದೇ ಚೌಕದಲ್ಲಿ. ಕಾರ್ಡ್ ನಂಬರು ಬೇರೆ, ವಯಸ್ಸು ಬೇರೆ. ಈ ಸಲ ಎಕ್ಸೆಲ್‌ನ ಎಲ್ಲ ಕಾಲಮ್ಮನ್ನೂ ಮೊದಲೇ 'ಟೆಕ್ಸ್ಟ್' ಎಂದು ಮಾಡಿಟ್ಟು ಆಮೇಲೆ ಅಂಟಿಸಿದಳು. ಸೊನ್ನೆಗಳು ಉಳಿದವು, ಹತ್ತು-ಹನ್ನೆರಡು ವರ್ಷ ಡಿಸೆಂಬರ್ ಆಗಲಿಲ್ಲ. ಒಂದು ಗಳಿಗೆ ಹಾಯೆನಿಸಿತು. ಆಮೇಲೆ ಊದಿದ ಕಾಲಮ್ಮು ಎಳೆದಳು. ಮೊದಲ ಪುಟದಲ್ಲಿ ಮೂವತ್ತಾರು ಹೆಸರು, ಮೂವತ್ತಾರು ಅಂಕಿ. ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲಿ ಮೂವತ್ತಾರು ಹೆಸರಿಗೆ ಮೂವತ್ತೈದೇ ಅಂಕಿ.

ಖಾಲಿ ಚೌಕ ಇಲ್ಲೂ ಬರುತ್ತಿರಲಿಲ್ಲ. ಇಲ್ಲಿ ಅಂಕಿ ಎಡಕ್ಕಲ್ಲ, ಮೇಲಕ್ಕೆ ಜಾರುತ್ತಿತ್ತು. ಅಂದರೆ ಖಾಲಿಯಿದ್ದವನ ಕೆಳಗಿನವರಿಗೆಲ್ಲ ಪಕ್ಕದ ಮನೆಯವರ ಉಸಿರು! ಇದು ಮೊದಲಿನದ್ದಕ್ಕಿಂತ ಕೆಟ್ಟದ್ದು. ಆಕೆ ಹಣೆ ಬಡಿದುಕೊಂಡಳು. ಆದರೆ ಒಂದು ಉಪಕಾರ ಇತ್ತು, ಇದು ಮುಚ್ಚಿಟ್ಟುಕೊಳ್ಳುವ ಕಳ್ಳನಲ್ಲ. ಒಂದು ಕಡಿಮೆ ಬಂದರೆ ಒಂದು ಖಾಲಿ ಇದೆ ಎಂದು ಎಣಿಕೆಯೇ ಹೇಳುತ್ತಿತ್ತು. ಹದಿನೇಳೂ ಪುಟಗಳನ್ನು ಪ್ರಿಂಟು ತೆಗೆದು, ಮೇಜಿನ ಮೇಲೆ ಹರಡಿ, ಸ್ಕೇಲು ಇಟ್ಟು ಸಾಲು ಸಾಲು ನೋಡುತ್ತ ಹೋದಳು. ಖಾಲಿ ಸಿಕ್ಕಲ್ಲೆಲ್ಲ ಎಕ್ಸೆಲ್‌ನಲ್ಲಿ ಒಂದು ಖಾಲಿ ಮನೆ ಹಾಕಿ ಕೆಳಗಿನವರನ್ನು ಕೆಳಗೆ ಇಳಿಸಿದಳು. ಉದ್ದದ ಹೆಸರೊಂದು ಚೌಕದಲ್ಲಿ ಎರಡು ಸಾಲಾಗಿ ಮುರಿದಿದ್ದಲ್ಲಿ ಒಂದು ಹೆಚ್ಚು ಬರುತ್ತಿತ್ತು, ಅದನ್ನು ಕೂಡಿಸಿದಳು. ಊಟದ ಡಬ್ಬಿ ತೆರೆಯಲಿಲ್ಲ. ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪುತ್ತಿತ್ತು, ಮಾತಾಡಿಸಿದವರ ಕಡೆ ಆಕೆ ನೋಡಿದ ನೋಟಕ್ಕೆ ಚಹಾದವನೂ ಹತ್ತಿರ ಬರಲಿಲ್ಲ.

ಐದಕ್ಕೆ ಲೆಕ್ಕ ಕೂಡಿತು. ಹೆಸರು ಆರುನೂರಾ ಹನ್ನೆರಡು. ಊದಿದ ಅಂಕಿ ಆರುನೂರಾ ಮೂರು. ಖಾಲಿ ಒಂಬತ್ತು. ವರದಿಯ ಕೊನೆಯ ಪುಟ ನೋಡಿದಳು, 'ಊದುವ ತಪಾಸಣೆ ಪೂರ್ಣಗೊಳಿಸಿದವರು: 603' ಎಂದು ಅಲ್ಲಿಯೇ ಅಚ್ಚಾಗಿತ್ತು. ಬುಧವಾರವೇ ಆ ಪುಟ ನೋಡಿದ್ದರೆ! ಅದರ ಕೆಳಗೆ ಸಾಸಿವೆ ಅಕ್ಷರದಲ್ಲಿ ಒಂದು ಟಿಪ್ಪಣಿ: ಊದಿದ ಚೌಕ ಖಾಲಿ ಎಂದರೆ ಮೂರು ಸಲವೂ ಊದಲು ಆಗದವರು. ಒಂಬತ್ತು ಜನ. ಮೊದಲಿನ ಫೈಲಿನಲ್ಲಿ ಆ ಒಂಬತ್ತೂ ಜನ ಎಂಬತ್ತೋ ತೊಂಬತ್ತೋ ಹೊತ್ತುಕೊಂಡು ಗಟ್ಟಿ ಕುಳಗಳ ಸಾಲಿನಲ್ಲಿ ನಿಂತಿದ್ದರು. ಸಿಎಸ್‌ವಿ ಮಾಡಿ, ಎಕ್ಸೆಲ್‌ನಲ್ಲಿ ತೆರೆದರೆ ಅದು ಮತ್ತೆ ಕೈಯಾಡಿಸುತ್ತದೆಂದು ನೋಟ್‌ಪ್ಯಾಡಿನಲ್ಲಿಯೇ ತೆರೆದು ನೋಡಿದಳು. ಹುಸೇನಪ್ಪನ ಸಾಲಿನಲ್ಲಿ ಮೂವತ್ತೊಂದು, ಅಲ್ಪವಿರಾಮ, ಅದರ ಬೆನ್ನಿಗೇ ಇನ್ನೊಂದು ಅಲ್ಪವಿರಾಮ, ಎಂಬತ್ತೆಂಟು. ಎರಡು ಅಲ್ಪವಿರಾಮಗಳ ನಡುವೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಉಳಿಸಲು ಮೂರು ದಿನ ಹಿಡಿಯಿತು.

ಶನಿವಾರ ಹತ್ತೂವರೆಗೆ ಪೆನ್‌ಡ್ರೈವು ಹಿಡಿದು ಕ್ಯಾಂಪಿನ ಆಸ್ಪತ್ರೆಗೆ ತಾನೇ ಹೋದಳು. ರೆಕಾರ್ಡ್ ಕೋಣೆಯ ಗುಮಾಸ್ತ ಈರಬಸಪ್ಪ ವಿಜಾಪುರದ ಕಡೆಯವರು, ಆಕೆ ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ, "ಬರ್ರಿ ಅಕ್ಕಾರ, ಕೂಡ್ರಿ," ಎಂದು ಕುರ್ಚಿ ಎಳೆದರು. ಫೈಲು ಹಾಕಿದರು. ಆರುನೂರಾ ಹನ್ನೆರಡು ಸಾಲು, ಒಂದೂ ತಕರಾರಿಲ್ಲದೆ ಏರಿತು. "ಹ್ವಾದ ವರ್ಷಕ್ಕಿಂತ ಭಾಳ ಸ್ವಚ್ಛ ಅದ ನೋಡ್ರಿ," ಎಂದರು. ಶಿವಕಾಂತಾಳಿಗೆ ಕಣ್ಣು ತುಂಬಿ ಬಂತು. ಬಟನ್ ಒತ್ತಿದರು. ಅರವತ್ತಕ್ಕಿಂತ ಕಡಿಮೆಯವರು ನೂರಾ ನಲವತ್ತಮೂರು ಜನ, ಪಟ್ಟಿ ಬಿತ್ತು.

ಆಕೆ ಮೇಲಿಂದ ಕೆಳಗೆ ನೋಡಿದಳು. ಮತ್ತೊಮ್ಮೆ ನೋಡಿದಳು. 0087 ಇರಲಿಲ್ಲ.

"ಇವರು ಯಾಕ ಬಂದಿಲ್ರಿ?"

ಈರಬಸಪ್ಪ ಹುಡುಕಿದರು. "ಇವರದು ಅಂಕಿನ ಇಲ್ಲಲ್ರಿ. ಖಾಲಿ ಇದ್ರ ತಪಾಸಣಾ ಆಗಿಲ್ಲ ಅಂತ ತಗೋತದ ಇದು."

ಥೂ ಇದರ! ತಪ್ಪು ಅಂಕಿಯಿದ್ದಾಗಲೂ ಹೊರಗೆ, ಸರಿ ಮಾಡಿದರೂ ಹೊರಗೆ. ಹಾಗಾದರೆ ಈ ಮೂರು ದಿನ ಯಾಕೆ ಸತ್ತೆ ನಾನು? ಆಕೆಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಮಧುಕರ ಸರ್‌ಗೆ ಫೋನು ಹಚ್ಚಿದಳು. "ಸೊನ್ನಿ ಹಾಕಿಬಿಡ್ರಿ ತಾಯಿ," ಎಂದರು ಅವರು ಸರಳವಾಗಿ, "ಸೊನ್ನಿ ಅರವತ್ತಕ್ಕಿಂತ ಕಡಿಮಿನ ಅಲ್ಲೇನು?"

ಒಂದು ಗಳಿಗೆ ಆಸೆಯಾಯಿತು. ಒಂಬತ್ತು ಸೊನ್ನೆ, ಒಂಬತ್ತು ಕೀಲಿ. ಶಾಲೆಯಲ್ಲಿ ಕಾಕಾ ಅವಳ ಚೌಕ ತುಂಬಿಸಲಿಲ್ಲವೇ? ಆದರೆ ಇಲ್ಲಿ ಊದಿದ ಅಂಕಿ ಸೊನ್ನೆ ಎಂದರೆ ಸತ್ತ ಮನುಷ್ಯ ಎಂದರ್ಥ. ಯಾವನಾದರೂ ಡಾಕ್ಟರು ಒಂಬತ್ತು ಸೊನ್ನೆ ಕಂಡು, ಈ ಪಟ್ಟಿಯೇ ಸುಳ್ಳು ಎಂದರೆ ನೂರಾ ನಲವತ್ತಮೂರು ಜನವೂ ಹೋದರು, ಹಿಂದಿನ ವರ್ಷದ ಹಾಗೆ. ಹನ್ನೊಂದು ಗಂಟೆ ಹತ್ತು ಮಿನಿಟು. ಆಕೆ ಚೀಲದಿಂದ ವರದಿಯ ಕೊನೆಯ ಪುಟ ತೆಗೆದು ಈರಬಸಪ್ಪರ ಮುಂದೆ ಹಿಡಿದಳು, ಆ ಸಾಸಿವೆ ಅಕ್ಷರದ ಮೇಲೆ ಬೆರಳಿಟ್ಟಳು.

"ಇದನ್ನ ಓದ್ರಿ. ಇವರು ಬಂದಿಲ್ಲ ಅಂತಲ್ಲ. ಬಂದು, ಮೂರು ಸಲ ಪ್ರಯತ್ನ ಮಾಡಿ, ಊದಾಕ ಆಗದ ಬಿದ್ದವರು. ಉಳಿದವರೆಲ್ಲರಕಿಂತ ಮೊದಲು ನೋಡಬೇಕಾದವರು ಇವರು. ನಿಮ್ಮ ಕಂಪ್ಯೂಟರ್‌ದಾಗ ಈ ಮಾತಿಗೆ ಚೌಕ ಇಲ್ಲಂದ್ರ ನಾ ಏನ್ ಮಾಡ್ಲಿ? ನಾ ಇಲ್ಲಿಂದ ಏಳಂಗಿಲ್ಲ."

ಈರಬಸಪ್ಪ ಓದಿದರು. ಇನ್ನೊಮ್ಮೆ ಓದಿದರು. ಎದ್ದು ಒಳಗೆ ಹೋದರು. ಹನ್ನೊಂದೂವರೆ. ಹನ್ನೊಂದು ಮುಕ್ಕಾಲು. ಗೋಡೆಯ ಗಡಿಯಾರವನ್ನು ಕಿತ್ತು ಒಗೆಯಬೇಕೆನಿಸಿತು ಶಿವಕಾಂತಾಳಿಗೆ. ಬಂದಾಗ ಅವರ ಕೈಯಲ್ಲಿ ಆ ಪುಟ ಇತ್ತು, ಟಿಪ್ಪಣಿಯ ಪಕ್ಕ ದೊಡ್ಡ ಡಾಕ್ಟರ ಸಹಿ.

"ಆತ್ರಿ. ಆದ್ರ ಕಂಪ್ಯೂಟರ್ ಹಾದಿಯಿಂದ ಆಗಂಗಿಲ್ಲ. ಒಂಬತ್ತೂ ಮಂದಿದು ಕೈಯಿಂದ ಫಾರಂ ತುಂಬಬೇಕು. ಹನ್ನೆರಡರ ಒಳಗ. ಹೇಳ್ರಿ ಲಗೂ."

ಆಕೆ ಹೇಳುತ್ತ ಹೋದಳು, ಅವರು ಬರೆಯುತ್ತ ಹೋದರು. ಎಂಟು ಜನರದು ಮುಗಿಯಿತು, ಅವರಿಗೆಲ್ಲ ಮೂರು ಹೆಸರಿದ್ದವು. ಒಂಬತ್ತನೆಯದು ಉಳಿಯಿತು.

"ಹೆಸರು?"

"ಹುಸೇನಪ್ಪ."

"ಅಪ್ಪನ ಹೆಸರು?"

ಅದು ವರದಿಯಲ್ಲಿ ಇರಲಿಲ್ಲ. ಆದರೆ ಸಿಟ್ಟು ಬಂದಾಗಲೆಲ್ಲ "ಅವ್ವಣ್ಣನ ಮಗ ನಾನು" ಎಂದು ಎದೆ ತಟ್ಟಿಕೊಳ್ಳುತ್ತಿದ್ದ ಕಾಕಾನ ದನಿ ಅವಳಿಗೆ ನೆನಪಿತ್ತು. "ಅವ್ವಣ್ಣ," ಎಂದಳು.

"ಅಡ್ಡಹೆಸರು?"

"ಇಲ್ರಿ."

ಈರಬಸಪ್ಪ ಪೆನ್ನು ಎತ್ತಿದರು. "ಖಾಲಿ ಬಿಟ್ರ ಫಾರಂ ಮುಂದ ಹೋಗಂಗಿಲ್ರಿ ಅಕ್ಕಾರ."

ಹನ್ನೆರಡಕ್ಕೆ ನಾಲ್ಕು ಮಿನಿಟು ಇತ್ತು. ಶಿವಕಾಂತಾ ಆ ಮೂರನೆಯ ಚೌಕವನ್ನು ನೋಡಿದಳು.

"ಶಹಾಪುರಕರ ಅಂತ ಬರ್ಕೋರಿ."

ಅವರು ಬರೆದರು. ಬರೆದು, ತಂದುಕೊಟ್ಟವರ ಹೆಸರಿನ ಜಾಗದಲ್ಲಿ ಆಕೆ ಆಗಲೇ ಮಾಡಿದ್ದ ಸಹಿಯನ್ನು ನೋಡಿದರು, ಆಮೇಲೆ ಆಕೆಯ ಮುಖವನ್ನು.

"ನಿಮ್ಮ ಮನಿತನದವರೇನ್ರಿ?"

"ಹೌದ್ರಿ," ಎಂದಳು ಶಿವಕಾಂತಾ. "ನಮಗ ಆ ಹೆಸರು ಇಟ್ಟವರ ಅವರು."